ಕಸೂರಿ ಮೇಥಿ: ಕೊನೆಯ ಎರಡು ನಿಮಿಷದ ಕೆಲಸ

ನಮ್ಮ ಕುಂದಗೋಳದ ಕಡೆ ಮೆಂತ್ಯ ಪಲ್ಲೆ ಅಂದರೆ ಬೇಯಿಸಲೇಬೇಕೆಂದಿಲ್ಲ. ಹಸಿಯಾಗಿ ಬಿಡಿಸಿ, ಮೇಲೆ ಶೇಂಗಾ ಎಣ್ಣೆ, ಉಪ್ಪು, ಹೆಚ್ಚಿದ ಉಳ್ಳಾಗಡ್ಡಿ ಹಾಕಿಕೊಂಡು ಜೋಳದ ರೊಟ್ಟಿಗೆ ಹಚ್ಚಿ ತಿನ್ನುತ್ತೇವೆ. ಹೀಗಿರುವ ಊರಿನಲ್ಲಿ ಒಣಗಿದ ಮೆಂತ್ಯ ಸೊಪ್ಪಿನ ಪ್ಯಾಕೆಟ್ಟಿಗೆ ಏನು ಕೆಲಸ ಎಂದು ಹಿರಿಯರು ಕೇಳುವುದುಂಟು. ಕೆಲಸ ಇದೆ. ನಾನು ನಡೆಸುವ ಖಾನಾವಳಿಯಲ್ಲಿ ಮಧ್ಯಾಹ್ನ ರೊಟ್ಟಿ ಊಟ. ರಾತ್ರಿ ಹುಬ್ಬಳ್ಳಿ ಕಡೆಯಿಂದ ಬರುವವರು ದಾಲ್, ಪನೀರ್ ಕೇಳುತ್ತಾರೆ. ಆ ಎರಡಕ್ಕೂ ಕಸೂರಿ ಮೇಥಿ ಬೇಕು. ಬಳಸುವುದು ಒಂದು ಚಿಟಿಕೆ, ಕೆಡುವುದೂ ಅಷ್ಟರಲ್ಲೇ. ಅದರ ಬಗ್ಗೆ ಅಡುಗೆ ಒಲೆ ಕಲಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಮೊದಲು ಸೊಪ್ಪಿನ ಗುರುತು ಇರಲಿ.

ಕಸೂರಿ ಮೇಥಿ ನಮ್ಮ ಸಂತೆಯ ಮೆಂತ್ಯ ಒಣಗಿಸಿದ್ದಲ್ಲ. ಅದು ಮೆಂತ್ಯದ್ದೇ ಕುಲದ ಬೇರೆ ಗಿಡ. ಎಲೆ ಸಣ್ಣದು, ಬೆಳವಣಿಗೆ ನಿಧಾನ, ಘಮ ಹೆಚ್ಚು. ಹೆಸರು ಈಗ ಪಾಕಿಸ್ತಾನದಲ್ಲಿರುವ ಕಸೂರ್ ಊರಿನದು. ಇಂದು ಅಂಗಡಿಗೆ ಬರುವ ಮಾಲಿನ ದೊಡ್ಡ ಪಾಲು ರಾಜಸ್ಥಾನದ ನಾಗೌರ್ ಭಾಗದ್ದು. ಅಲ್ಲಿ ಸೊಪ್ಪನ್ನು ಕೊಯ್ದು ಒಣಗಿಸುವುದೇ ಒಂದು ಕಸುಬು.

ಚಳಿಗಾಲದಲ್ಲಿ ಸಿವುಡು ಅಗ್ಗವಾದಾಗ ನಮ್ಮ ಮನೆಗಳಲ್ಲೂ ಮೆಂತ್ಯ ಒಣಗಿಸುತ್ತಾರೆ. ತಪ್ಪೇನಿಲ್ಲ. ಎಲೆ ಬಿಡಿಸಿ, ತೊಳೆದು, ಪೂರ್ತಿ ನೀರು ಆರಿದ ಮೇಲೆ ನೆರಳಿನಲ್ಲಿ ಬಟ್ಟೆಯ ಮೇಲೆ ಹರವಬೇಕು. ಬಿಸಿಲಿಗಿಟ್ಟರೆ ಬಣ್ಣ ಹೋಗಿ ಹುಲ್ಲಿನ ವಾಸನೆ ಬರುತ್ತದೆ. ಹೀಗೆ ಒಣಗಿಸಿದ್ದು ಬ್ಯಾಳಿಗೆ, ತಾಲಿಪಟ್ಟಿಗೆ ಚೆನ್ನಾಗಿ ಆಗುತ್ತದೆ. ಆದರೆ ಪನೀರ್ ಮಸಾಲೆಯಲ್ಲಿ ಢಾಬಾದ ಘಮ ಬರಲಿಲ್ಲ ಎಂದು ಒಲೆಯನ್ನು ಬೈಯಬೇಡಿ. ಆ ಘಮ ನಮ್ಮ ಎಲೆಯಲ್ಲೇ ಅಷ್ಟಿರುವುದಿಲ್ಲ. ಪ್ರಮಾಣ ಹೆಚ್ಚಿಸಿ ಅದನ್ನು ತರಲು ಹೋದರೆ ಬರುವುದು ಕಹಿ.

ಕೊಳ್ಳುವಾಗ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿ. ಎಲೆ ಹಸಿರಾಗಿರಬೇಕು, ಕಡ್ಡಿ ಕಡಿಮೆ ಇರಬೇಕು, ತಳದಲ್ಲಿ ಪುಡಿ ಕೂತಿರಬಾರದು. ಹಳದಿಗೆ ತಿರುಗಿದ್ದರೆ ಹಳೆಯ ಮಾಲು.

2. ಜರಡಿ ಹಿಡಿಯದೆ ಒಲೆಗೆ ಹಾಕಬೇಡಿ.

ಒಣ ಸೊಪ್ಪಿನಲ್ಲಿ ಮರಳು ಇರುತ್ತದೆ. ಪ್ಯಾಕೆಟ್ ಒಡೆದ ಕೂಡಲೇ ಹಿಟ್ಟಿನ ಜರಡಿಯಲ್ಲಿ ಹಾಕಿ ಅಲ್ಲಾಡಿಸಿದರೆ ಮಣ್ಣು, ಪುಡಿ ಕೆಳಗೆ ಬೀಳುತ್ತದೆ. ಮೇಲುಳಿದ ಎಲೆಯಿಂದ ದಪ್ಪ ಕಡ್ಡಿ ಆರಿಸಿ ತೆಗೆದು ಡಬ್ಬಿಗೆ ತುಂಬಿಕೊಳ್ಳಿ. ಕಡ್ಡಿ ತಿಕ್ಕಿದರೂ ಪುಡಿಯಾಗುವುದಿಲ್ಲ, ಗ್ರೇವಿಯಲ್ಲಿ ಬೇಯುವುದೂ ಇಲ್ಲ. ತಿನ್ನುವವರ ಹಲ್ಲಿಗೇ ಸಿಗುತ್ತದೆ.

3. ಹುರಿಯಬೇಡಿ, ಬೆಚ್ಚಗೆ ಮಾಡಿ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಇಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಣ ಎಲೆ ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಂತೂ ಡಬ್ಬಿಯಿಂದ ತೆಗೆದ ಎಲೆ ಮೆತ್ತಗಿರುತ್ತದೆ, ಅಂಗೈಯಲ್ಲಿ ತಿಕ್ಕಿದರೆ ಮುದ್ದೆಯಾಗುತ್ತದೆ. ಬಿಸಿ ತಾಗಿಸುವುದರ ಮುಖ್ಯ ಕಾರಣ ಆ ತೇವವನ್ನು ಓಡಿಸಿ ಎಲೆಯನ್ನು ಗರಿಗರಿ ಮಾಡುವುದು. ಅದರ ಜೊತೆಗೆ ಎಲೆಯೊಳಗಿನ ಘಮವೂ ಎಚ್ಚರಗೊಳ್ಳುತ್ತದೆ. ಇವೆರಡೂ ಆಗಲು ಹೆಚ್ಚು ಉರಿ ಬೇಡ.

ದಪ್ಪ ತವೆಯನ್ನು ಸಣ್ಣ ಉರಿಯಲ್ಲಿ ಒಂದು ನಿಮಿಷ ಕಾಯಿಸಿ ಉರಿ ಆರಿಸಿ. ಎಣ್ಣೆ ಬೇಡ. ಎಲೆಯನ್ನು ಒಂದೇ ಪದರವಾಗಿ ಹರವಿ, ಕೈಯಿಂದಲೋ ಚಮಚದಿಂದಲೋ ಆಡಿಸುತ್ತಾ ಇರಿ. ಇಪ್ಪತ್ತರಿಂದ ಮೂವತ್ತು ಸೆಕೆಂಡು ಸಾಕು. ನಂತರ ತಪ್ಪದೆ ತಟ್ಟೆಗೆ ಸುರಿಯಿರಿ. ಉರಿ ಆರಿದರೂ ಕಬ್ಬಿಣದ ತವೆ ತನ್ನ ಕೆಲಸ ನಿಲ್ಲಿಸುವುದಿಲ್ಲ. ಅಲ್ಲೇ ಬಿಟ್ಟರೆ ಎಲೆ ಸೀಯುತ್ತದೆ.

ಗುರುತು ಮೂರು. ಬಣ್ಣ ಹಸಿರಾಗಿಯೇ ಇರಬೇಕು, ಕಂದು ಬಣ್ಣದ ಸುಳಿವು ಕಂಡರೆ ದಾಟಿತು ಎಂದರ್ಥ. ವಾಸನೆಯಲ್ಲಿ ಸಿಹಿ ಇರಬೇಕು, ಹೊಗೆಯ ಎಳೆ ಬರಬಾರದು. ಒಂದು ಎಲೆಯನ್ನು ಬೆರಳಲ್ಲಿ ಹಿಸುಕಿದರೆ ಚುರ್ ಎಂದು ಒಡೆಯಬೇಕು. ಅಡುಗೆಮನೆಯಲ್ಲಿ ಕೈಜೋಡಿಸುವ ಹುಡುಗಿ ಒಮ್ಮೆ, ‘ಅಕ್ಕಾರ, ಇದು ಸುಟ್ಟೈತೇನ್ರೀ?’ ಎಂದು ಕೇಳಿದಳು. ‘ಕೇಳಬೇಕನಿಸ್ತಂದ್ರ ಸುಟ್ಟೈತಿ ಅಂತನ ತಿಳಕೊ, ಚೆಲ್ಲು’ ಎಂದೆ. ಒಂದು ಚಮಚ ಸೊಪ್ಪಿನ ಬೆಲೆ ಏನೂ ಅಲ್ಲ. ಸುಟ್ಟ ಸೊಪ್ಪು ಬಿದ್ದರೆ ಪೂರ್ತಿ ಪಾತ್ರೆ ಕಹಿ. ಸಕ್ಕರೆ, ಕೆನೆ ಸುರಿದರೂ ಆ ಕಹಿ ಮುಚ್ಚುವುದಿಲ್ಲ.

ಹೊಸ ಪ್ಯಾಕೆಟ್, ಬೇಸಿಗೆ ಗಾಳಿ, ಎಲೆ ತಾನೇ ಗರಿಗರಿ ಇದ್ದರೆ ಬಿಸಿ ಮಾಡದಿದ್ದರೂ ನಡೆಯುತ್ತದೆ.

4. ತಿಕ್ಕುವುದು ಅಂಗೈಯಲ್ಲಿ, ಪಾತ್ರೆಯಿಂದ ದೂರದಲ್ಲಿ.

ಕುದಿಯುವ ಪಾತ್ರೆಯ ಮೇಲೆ ಕೈ ಹಿಡಿದು ತಿಕ್ಕುವುದನ್ನು ವಿಡಿಯೋಗಳಲ್ಲಿ ತೋರಿಸುತ್ತಾರೆ. ನೋಡಲು ಚೆಂದ. ಆದರೆ ಹಬೆಗೆ ಅಂಗೈ ಒದ್ದೆಯಾಗಿ ಅರ್ಧ ಸೊಪ್ಪು ಕೈಗೇ ಅಂಟುತ್ತದೆ, ಉಳಿದಿದ್ದು ಗಂಟಾಗಿ ಬೀಳುತ್ತದೆ. ಒಣ ಕೈಯಿಂದ, ತಟ್ಟೆಯ ಮೇಲೆ, ಎರಡು ಅಂಗೈ ನಡುವೆ ನಾಲ್ಕೈದು ಸಲ ತಿಕ್ಕಿದರೆ ಸಾಕು. ಒರಟಾದ ಚೂರುಗಳಾಗಬೇಕು, ನುಣ್ಣನೆ ಪುಡಿ ಆಗಬಾರದು. ಎಲೆ ಒಡೆದಾಗ ಘಮ ಹೊರಬರುತ್ತದೆ. ಹಾಗಾಗಿ ತಿಕ್ಕುವುದಕ್ಕೂ ಪಾತ್ರೆಗೆ ಹಾಕುವುದಕ್ಕೂ ನಡುವೆ ಹೊತ್ತು ಬಿಡಬೇಡಿ. ಬೆಳಿಗ್ಗೆ ತಿಕ್ಕಿಟ್ಟು ರಾತ್ರಿ ಬಳಸಿದರೆ ಉಳಿಯುವುದು ಹಸಿರು ಬಣ್ಣ ಮಾತ್ರ.

ಮಿಕ್ಸರ್ ನನಗೆ ಒಪ್ಪಿಗೆಯಿಲ್ಲ. ಪುಡಿ ಗ್ರೇವಿಯ ತುಂಬ ಹರಡಿ ಎಲ್ಲ ತುತ್ತಿನಲ್ಲೂ ಒಂದೇ ಸಮ ಕಹಿ ಕೊಡುತ್ತದೆ. ಕೆಂಪು ಗ್ರೇವಿಯ ಬಣ್ಣವೂ ಮಂಕಾಗುತ್ತದೆ.

ಅಳತೆಯ ಗೊಂದಲವೂ ಇಲ್ಲೇ. ತಿಕ್ಕದ ಎಲೆ ಒಂದು ದೊಡ್ಡ ಚಮಚ ಇದ್ದರೆ, ತಿಕ್ಕಿದ ಮೇಲೆ ಸುಮಾರು ಒಂದು ಟೀ ಚಮಚ ಆಗುತ್ತದೆ. ಯಾರಾದರೂ ಅಳತೆ ಹೇಳಿದರೆ ಯಾವುದರದ್ದು ಎಂದು ಕೇಳಿಕೊಳ್ಳಿ.

5. ಗ್ರೇವಿಗೆ ಕೊನೆಯಲ್ಲಿ, ಮುಚ್ಚಳದೊಂದಿಗೆ.

ಘಮ ಹಗುರವಾದ ವಸ್ತು, ಹಬೆಯ ಜೊತೆ ಹೋಗಿಬಿಡುತ್ತದೆ. ಕಹಿ ಹೋಗುವುದಿಲ್ಲ, ಕುದಿದಷ್ಟೂ ರಸಕ್ಕೆ ಇಳಿಯುತ್ತದೆ. ಒಗ್ಗರಣೆಯ ಹೊತ್ತಿಗೇ ಹಾಕಿ ಅರ್ಧ ಗಂಟೆ ಕುದಿಸಿದ ಪದಾರ್ಥದಲ್ಲಿ ಆದ್ದರಿಂದಲೇ ಘಮ ಇರುವುದಿಲ್ಲ, ನಾಲಿಗೆಯ ಹಿಂಭಾಗದಲ್ಲಿ ಕಹಿ ಮಾತ್ರ ಉಳಿಯುತ್ತದೆ.

ನಾಲ್ಕು ಜನರಿಗೆ ಪನೀರ್ ಮಸಾಲೆ ಮಾಡುವ ಕ್ರಮ ಹೇಳುತ್ತೇನೆ. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಎರಡು ಉಳ್ಳಾಗಡ್ಡಿ ಕಂದುವವರೆಗೆ ಹುರಿಯಿರಿ. ಶುಂಠಿ, ಬಳ್ಳೊಳ್ಳಿ ಜಜ್ಜಿ ಸೇರಿಸಿ. ಅರಿಶಿನ, ಖಾರದ ಪುಡಿ, ಧನಿಯಾ ಪುಡಿ ಬಿದ್ದ ಮೇಲೆ ಮೂರು ಟೊಮೆಟೊ ರುಬ್ಬಿದ್ದು ಹಾಕಿ. ಎಣ್ಣೆ ಬಿಡುವವರೆಗೆ, ಅಂದರೆ ಹತ್ತು ನಿಮಿಷದಷ್ಟು, ಬಾಡಿಸಿ. ಒಂದು ಲೋಟ ನೀರು ಹಾಕಿ ಐದಾರು ನಿಮಿಷ ಕುದಿಸಿ, ಉಪ್ಪು ನೋಡಿ, 200 ಗ್ರಾಂ ಪನೀರ್ ಬಿಟ್ಟು ಇನ್ನೆರಡು ನಿಮಿಷ ಕಾಯಿರಿ. ಇಲ್ಲಿಯವರೆಗೆ ಕಸೂರಿ ಮೇಥಿಯ ಸುದ್ದಿಯೇ ಇಲ್ಲ. ಈಗ ಉರಿ ಪೂರ್ತಿ ಸಣ್ಣ ಮಾಡಿ. ಎರಡು ಚಮಚ ಕೆನೆ ಅಥವಾ ಒಂದು ಚಮಚ ಬೆಣ್ಣೆ ಹಾಕಿ. ಬೆಚ್ಚಗೆ ಮಾಡಿ ಆಗತಾನೇ ತಿಕ್ಕಿದ ಸೊಪ್ಪು ಒಂದು ಟೀ ಚಮಚ ಉದುರಿಸಿ, ಒಂದೇ ಸುತ್ತು ತಿರುಗಿಸಿ. ಉರಿ ಆರಿಸಿ, ಮುಚ್ಚಳ ಮುಚ್ಚಿ ಎರಡು ನಿಮಿಷ ಮುಟ್ಟಬೇಡಿ. ಜಿಡ್ಡು ಘಮವನ್ನು ಹಿಡಿದುಕೊಳ್ಳುತ್ತದೆ, ಮುಚ್ಚಳ ಹಬೆಯನ್ನು ತಡೆಯುತ್ತದೆ. ಬಡಿಸುವಾಗ ಮುಚ್ಚಳ ತೆಗೆದರೆ ಗಿರಾಕಿಗೆ ಮೊದಲು ತಟ್ಟುವುದು ಆ ವಾಸನೆಯೇ.

ಮಾಡಿದ ಗ್ರೇವಿ ಮೊದಲೇ ಕಹಿ ಇದ್ದರೆ, ಬಳ್ಳೊಳ್ಳಿ ಸೀದಿದ್ದರೆ, ಕಸೂರಿ ಮೇಥಿ ಹಾಕಲೇಬೇಡಿ. ಟೊಮೆಟೊ ಹುಳಿ, ಕೆನೆ, ಚೂರು ಬೆಲ್ಲ ಅದರ ಕಹಿಯನ್ನು ಸಂಭಾಳಿಸುತ್ತವೆ, ಎರಡು ಕಹಿಯನ್ನು ಸಂಭಾಳಿಸುವುದಿಲ್ಲ.

6. ದಾಲಿಗೆ ಕ್ರಮವೇ ಬೇರೆ.

ಕುದಿಯುವ ತುಪ್ಪಕ್ಕೆ ನೇರವಾಗಿ ಹಾಕಿದರೆ ಸೊಪ್ಪು ಕ್ಷಣದಲ್ಲಿ ಕಪ್ಪಾಗುತ್ತದೆ. ಬೆಂದ ದಾಲಿನ ಮೇಲೆ ತಿಕ್ಕಿದ ಸೊಪ್ಪು ಉದುರಿಸಿ. ಜೀರಿಗೆ, ಒಣಮೆಣಸಿನಕಾಯಿ, ಬಳ್ಳೊಳ್ಳಿ ಒಗ್ಗರಣೆ ಚಟಪಟ ಎಂದ ಮೇಲೆ ಉರಿ ಆರಿಸಿ, ಹತ್ತೆಣಿಸುವಷ್ಟು ಹೊತ್ತು ನಿಂತು, ಆ ಒಗ್ಗರಣೆಯನ್ನು ಸರಿಯಾಗಿ ಸೊಪ್ಪಿನ ಮೇಲೇ ಸುರಿಯಿರಿ. ಈ ದಾರಿಯಲ್ಲಿ ತವೆಯ ಮೇಲೆ ಬೆಚ್ಚಗೆ ಮಾಡುವ ಕೆಲಸವನ್ನು ಬಿಸಿ ತುಪ್ಪವೇ ಮಾಡುತ್ತದೆ.

7. ಹಿಟ್ಟಿಗೆ ಬಿಸಿ ಬೇಡ.

ತಾಲಿಪಟ್ಟು, ಚಪಾತಿ ಹಿಟ್ಟಿಗೆ ಹಾಕುವುದಾದರೆ ಸುಮ್ಮನೆ ತಿಕ್ಕಿ ಹಾಕಿ. ತವೆಯ ಮೇಲೆ ಅದು ಹೇಗೂ ಬೇಯುತ್ತದೆ, ಎರಡು ಸಲ ಬಿಸಿ ಕಂಡರೆ ಸೀದ ರುಚಿ ಬರುತ್ತದೆ. ಒಂದು ಬಟ್ಟಲು ಹಿಟ್ಟಿಗೆ ಒಂದು ಟೀ ಚಮಚ, ಜೊತೆಗೆ ಅಜವಾನ, ಒಂದಿಷ್ಟು ಮೊಸರು. ಸುಡುವ ಪನೀರಿಗೆ, ಕೋಳಿಗೆ ಮಸಾಲೆ ಹಚ್ಚುವಾಗಲೂ ಇದೇ ನಿಯಮ: ಮೊಸರಿನ ಮಸಾಲೆಗೆ ಹಸಿಯಾಗಿಯೇ ತಿಕ್ಕಿ ಕಲಸಿ.

8. ಎಣಗಾಯಿಗೆ ಹಾಕಬೇಡಿ.

ಈಗೀಗ ಎಲ್ಲದಕ್ಕೂ ಹಾಕುವ ಚಟ ಬಂದಿದೆ. ಬದನೆ ಎಣಗಾಯಿಯ ಜೀವ ಶೇಂಗಾ ಮತ್ತು ಗುರೆಳ್ಳು. ಕಸೂರಿ ಮೇಥಿ ಬಿದ್ದರೆ ಗುರೆಳ್ಳಿನ ವಾಸನೆ ಅಡಗಿ, ಊಟ ಹೆದ್ದಾರಿ ಢಾಬಾದ್ದಾಗಿಬಿಡುತ್ತದೆ. ನಮ್ಮ ಹಲವು ಮನೆಗಳ ಮಸಾಲಿ ಖಾರದಲ್ಲಿ ಮೆಂತ್ಯಕಾಳು ಮೊದಲೇ ಇರುತ್ತದೆ. ಆ ಖಾರ ಹಾಕಿದ ಪಲ್ಯಕ್ಕೆ ಮತ್ತೆ ಸೊಪ್ಪು ಸೇರಿಸಿದರೆ ಕಾಳಿನ ಕಹಿ, ಎಲೆಯ ಕಹಿ ಎರಡೂ ಕೂಡುತ್ತವೆ. ಝುಣಕಕ್ಕೆ ಚಿಟಿಕೆಯಷ್ಟು ಹಾಕಿದರೆ ಮಾತ್ರ ಚೆಂದ. ಕಡಲೆಹಿಟ್ಟಿನ ಜೊತೆ ಅದಕ್ಕೆ ಒಳ್ಳೆಯ ಹೊಂದಾಣಿಕೆ.

9. ಡಬ್ಬಿ ಒಲೆಯ ಪಕ್ಕ ಬೇಡ.

ಗಾಜಿನ ಬಾಟಲಿ, ಬಿಗಿ ಮುಚ್ಚಳ, ಕತ್ತಲ ಕಪಾಟು. ಹಬೆಯ ಕೈಯಿಂದ ನೇರ ಬಾಟಲಿಗೆ ಕೈ ಹಾಕಬಾರದು. ವಾರಕ್ಕೆ ಬೇಕಾದಷ್ಟನ್ನು ಸಣ್ಣ ಡಬ್ಬಿಗೆ ತೆಗೆದಿಟ್ಟುಕೊಂಡರೆ ದೊಡ್ಡದನ್ನು ಪದೇಪದೇ ತೆರೆಯುವ ಪ್ರಸಂಗವಿಲ್ಲ. ಸಣ್ಣ ಪ್ಯಾಕೆಟ್ ತಂದು ಬೇಗ ಮುಗಿಸುವುದು ಇನ್ನೂ ಒಳ್ಳೆಯದು.

ನಿನ್ನೆ ಉಳಿದ ಗ್ರೇವಿಯನ್ನು ಇಂದು ಬಿಸಿ ಮಾಡುವಾಗ ಹಳೆಯ ಘಮ ಉಳಿದಿರುವುದಿಲ್ಲ, ಕಹಿ ಮಾತ್ರ ಅಲ್ಲೇ ಇರುತ್ತದೆ. ಮೊದಲ ಸಲ ಹಾಕಿದ್ದರ ಕಾಲು ಭಾಗದಷ್ಟು ಹೊಸ ಸೊಪ್ಪನ್ನು ಬೆಚ್ಚಗೆ ಮಾಡಿ, ತಿಕ್ಕಿ, ಸ್ವಲ್ಪ ಬೆಣ್ಣೆಯೊಂದಿಗೆ ಮೇಲೆ ಹಾಕಿ ಮುಚ್ಚಿಡಿ. ಅದಕ್ಕಿಂತ ಹೆಚ್ಚು ಬೇಡ.