ಹನೂರು ಮೊದಲೋ, ಕೊನೆಯೋ?

ಚಾಮರಾಜನಗರ ಜಿಲ್ಲೆಯ ಮೂರು ತಾಲ್ಲೂಕುಗಳನ್ನು ಇಂಗ್ಲಿಷಿನಲ್ಲಿ ಅಕಾರಾದಿಯಾಗಿ ಬರೆದರೆ ಹನೂರು, ಕೊಳ್ಳೇಗಾಲ, ಯಳಂದೂರು ಎಂದಾಗುತ್ತದೆ. ಕನ್ನಡದಲ್ಲಿ ಕೊಳ್ಳೇಗಾಲ, ಯಳಂದೂರು, ಹನೂರು. ಇಂಗ್ಲಿಷ್ ಪಟ್ಟಿಯನ್ನು ಕನ್ನಡಕ್ಕೆ ತಿರುಗಿಸಿ ಕ್ರಮವನ್ನು ಮಾತ್ರ ಹಾಗೇ ಉಳಿಸಿಕೊಳ್ಳುವ ಅಭ್ಯಾಸ ನಮ್ಮ ಕಚೇರಿಗಳದ್ದು. ಹನೂರಿನವರು ಪಟ್ಟಿಯ ಕೊನೆಯಲ್ಲಿ ಹುಡುಕುತ್ತಾರೆ, ಕಾಣದಿದ್ದರೆ ಹೆಸರೇ ಬಿಟ್ಟುಹೋಗಿದೆ ಅಂದುಕೊಳ್ಳುತ್ತಾರೆ. ಆಗ 'ಸರಿಯಾಗಿ ನೋಡ್ರಿ' ಎಂದು ಗದರುವ ಗುಮಾಸ್ತರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಸರಿಯಾಗಿ ನೋಡಬೇಕಾಗಿದ್ದವರು ಅವರೇ.

ಇಂಗ್ಲಿಷ್ ಅಕ್ಷರಗಳ ಸಾಲಿಗೆ ಉಚ್ಚಾರಣೆಯ ತರ್ಕವಿಲ್ಲ. ಫಿನೀಷಿಯನ್ನರಿಂದ ಗ್ರೀಕರಿಗೆ, ರೋಮನ್ನರಿಗೆ ಬಂದ ಸರಣಿಯದು. ನಮ್ಮ ವರ್ಣಮಾಲೆಯಲ್ಲಿ ಸ್ವರಗಳು ಮೊದಲು, ಆಮೇಲೆ ಗಂಟಲಿನಿಂದ ತುಟಿಯವರೆಗೆ ಸಾಗುವ ವರ್ಗೀಯ ವ್ಯಂಜನಗಳು, ಕಡೆಗೆ ಅವರ್ಗೀಯಗಳು. ಆದ್ದರಿಂದಲೇ ಹಕಾರ ಅಷ್ಟು ಹಿಂದೆ. ಆದರೆ ಇದಕ್ಕಿಂತ ಹೆಚ್ಚು ಕಾಡುವುದು ಒಂದೇ ಅಕ್ಷರದೊಳಗಿನ ವ್ಯತ್ಯಾಸ. ಮಲೆ ಮಾದಪ್ಪನ ಈ ಸೀಮೆಯಲ್ಲಿ ಮಾದೇಶ, ಮಹದೇವ ಊರೂರಿಗೂ ಇದ್ದಾರೆ. ಜೊತೆಗೆ ಒಬ್ಬ ಮಂಜುನಾಥನಿದ್ದರೆ ಇಂಗ್ಲಿಷಿನಲ್ಲಿ ಮಾದೇಶ, ಮಹದೇವ, ಮಂಜುನಾಥ ಎಂಬ ಸಾಲು ಬರುತ್ತದೆ. ಅಲ್ಲಿ 'ಅ', 'ಆ' ಎರಡಕ್ಕೂ ಒಂದೇ ಅಕ್ಷರವಾದ್ದರಿಂದ ತೀರ್ಪು ಮೂರನೆಯ ಅಕ್ಷರಕ್ಕೆ ಹೋಗುತ್ತದೆ. ಕನ್ನಡದಲ್ಲಿ 'ಮ' ಮುಗಿಯದೆ 'ಮಾ' ಬರುವಂತಿಲ್ಲ. 'ಮ'ದೊಳಗೆ ಸೊನ್ನೆ ವ್ಯಂಜನಗಳಿಗಿಂತ ಮುಂದಿರುವುದರಿಂದ ಮಂಜುನಾಥ, ಮಹದೇವ, ಮಾದೇಶ: ಸಾಲು ಪೂರ್ತಿ ತಿರುಗುಮುರುಗು.

ಕಾಗುಣಿತದಲ್ಲಿ 'ಮಂ' ಬರುವುದು 'ಮೌ' ಆದಮೇಲಲ್ಲವೇ, ಮಂಜುನಾಥ ಕೊನೆಗಿರಬೇಕಲ್ಲವೇ ಎಂದು ಕೇಳುವವರಿದ್ದಾರೆ. ಆಕ್ಷೇಪ ನ್ಯಾಯವಾದದ್ದೇ. ಆದರೆ ನಿಘಂಟುಗಳು ಸೊನ್ನೆಯನ್ನು ಸ್ವರಗಳ ನಂತರದ, ವ್ಯಂಜನಗಳ ಮುಂಚಿನ ಪ್ರತ್ಯೇಕ ವರ್ಣವೆಂದು ಎಣಿಸುತ್ತವೆ. 'ಅಂಕ' ಅಕಾರದ ಆರಂಭದಲ್ಲೇ ಸಿಗುವುದು ಅದಕ್ಕೇ. ಹೆಸರಿನ ಪಟ್ಟಿಗೂ ಅದೇ ವಾಸಿ, ಹುಡುಕುವುದು ನಿಘಂಟಿನಂತೆಯೇ ತಾನೆ.

ಕಂಪ್ಯೂಟರ್ ಇದೆಯಲ್ಲ, ಅದು ನೋಡಿಕೊಳ್ಳುತ್ತದೆ ಎಂಬ ಮಾತು ಮುಕ್ಕಾಲು ನಿಜ. ಯೂನಿಕೋಡ್ ಸಂಖ್ಯೆಗಳು ಹೆಚ್ಚುಕಡಿಮೆ ವರ್ಣಮಾಲೆಯ ಕ್ರಮದಲ್ಲೇ ಇವೆ. ಎಡವುವುದು 'ಳ'ದಲ್ಲಿ. ಶಾಲೆಯಲ್ಲಿ ಅದು 'ಹ'ದ ನಂತರ. ಯೂನಿಕೋಡ್‌ನಲ್ಲಿ 'ಲ'ದ ಬೆನ್ನಿಗೇ. ಬರೀ ಸಂಖ್ಯೆ ನೋಡಿ ಜೋಡಿಸುವ ತಂತ್ರಾಂಶ ಯಳಂದೂರನ್ನು ಯಶೋದೆಗಿಂತ ಮುಂದಿಡುತ್ತದೆ. ಈ ಎರಡು ಪದಗಳನ್ನು ಕೊಟ್ಟು ನೋಡಿದರೆ ಯಂತ್ರ ಯಾವ ಪದ್ಧತಿಯದೆಂದು ಗೊತ್ತಾಗುತ್ತದೆ.

ಇನ್ನು ಕಾಗುಣಿತವನ್ನೇ ಒಂದು ಮಾಡದಿದ್ದರೆ ಯಾವ ತಂತ್ರಾಂಶವೂ ಕಾಪಾಡದು. ಯಳಂದೂರನ್ನು 'ಎಳಂದೂರು' ಎಂದು ಬರೆದರೆ ಅದು ಕೊಳ್ಳೇಗಾಲವನ್ನೂ ದಾಟಿ ಮೊದಲಿಗೆ ಹೋಗುತ್ತದೆ. ಹಾಗಾಗಿ ಮೊದಲು ಒಂದು ರೂಪ ಗೊತ್ತುಮಾಡಿ, ಕನ್ನಡ ಹೆಸರಿಗೆ ಬೇರೆಯೇ ಕಾಲಂ ಇಟ್ಟು, ಅದನ್ನೇ ಹಿಡಿದು ಹೊಸದಾಗಿ ಜೋಡಿಸಿ. ಕ್ರಮಸಂಖ್ಯೆ ಹಾಕುವುದು ಆಮೇಲೆ.