ಬೇಕರಿ ಕೌಂಟರಿಗೆ ಒಂದು ಇಂಗ್ಲಿಷ್ ಕಥೆ

ಯಲಹಂಕ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆಯುತ್ತದೆ. 1996ರಲ್ಲಿ ಶುರುವಾದ ಈ ಪ್ರದರ್ಶನ 2025ರಲ್ಲಿ ಫೆಬ್ರುವರಿ 10ರಿಂದ 14ರವರೆಗೆ ಇತ್ತು. ಅಂಥ ವಾರದಲ್ಲಿ ಕೊರಳಿಗೆ ಪಾಸು ನೇತುಹಾಕಿಕೊಂಡ ವಿದೇಶಿಯರು ನೀರು, ಬಿಸ್ಕತ್ತು ಕೇಳಿಕೊಂಡು ಸುತ್ತಲಿನ ಅಂಗಡಿಗಳಿಗೂ ಬರುತ್ತಾರೆ. ಉಳಿದ ದಿನಗಳಲ್ಲಿ ಹೊರದೇಶದಿಂದ ಓದಲು ಬಂದ ಹುಡುಗ ಹುಡುಗಿಯರು ಇದ್ದೇ ಇರುತ್ತಾರೆ.

ಬೇಕರಿಯವರಿಗೆ ಇಂಗ್ಲಿಷ್ ಪದಗಳೇನೂ ಹೊಸದಲ್ಲ. ಬ್ರೆಡ್, ಕೇಕ್, ಎಗ್, ಚೇಂಜ್ ದಿನಾ ಬಾಯಲ್ಲಿರುತ್ತವೆ. ತಡವರಿಸುವುದು ವಾಕ್ಯ ಕಟ್ಟುವಾಗ. ಅದಕ್ಕೆ ‘ಮೂವತ್ತು ದಿನದಲ್ಲಿ ಇಂಗ್ಲಿಷ್’ ಮಾದರಿಯ ಪುಸ್ತಕ ತಂದು ಉರು ಹೊಡೆದರೆ, ಯಾವ ಮಾತು ಯಾವಾಗ ಆಡಬೇಕೆಂಬುದು ಹೊಳೆಯುವುದಿಲ್ಲ. ಗಿರಾಕಿ ಬಂದು, ಕೇಳಿ, ದುಡ್ಡು ಕೊಟ್ಟು ಹೋಗುವ ಸಣ್ಣ ಕಥೆಯಲ್ಲಿ ಅದೇ ಮಾತುಗಳು ಸರಿಯಾದ ಹೊತ್ತಿಗೆ ಮತ್ತೆ ಮತ್ತೆ ಬಂದರೆ ನಾಲಿಗೆಗೆ ಹತ್ತುತ್ತವೆ. ಈ ಕಥೆಯನ್ನು ಅಂಗಡಿಯವರ ಮನೆಯಲ್ಲಿ ಕಾಲೇಜು ಓದುವ ಮಗಳೋ ಮಗನೋ ಒಂದು ಸಂಜೆ ಕೂತು ಬರೆದುಬಿಡಬಹುದು.

ಮೊದಲು ಅಪ್ಪನನ್ನು ಕೇಳಿ: ವಿದೇಶಿಯರು ಬಂದಾಗ ನಿಜಕ್ಕೂ ಏನೇನು ಕೇಳಿದರು? ‘ಹೌ ಆರ್ ಯು, ವಾಟ್ ಈಸ್ ಯುವರ್ ನೇಮ್’ ಬಿಟ್ಟುಬಿಡಿ; ಕೌಂಟರಿನಲ್ಲಿ ಯಾರೂ ಹೆಸರು ಕೇಳುವುದಿಲ್ಲ. ಬರುವ ಪ್ರಶ್ನೆಗಳು ಕೆಲವೇ: ಇದರೊಳಗೆ ಏನಿದೆ, ಖಾರವೇ, ಎಷ್ಟು, ಕಾರ್ಡ್ ನಡೆಯುತ್ತದೆಯೇ. ಇವಕ್ಕೆ ಉತ್ತರ ಕೊಡಲು ಹತ್ತು ಹನ್ನೆರಡು ವಾಕ್ಯ ಸಾಕು. ಅದಕ್ಕಿಂತ ಹೆಚ್ಚು ತುರುಕಿದರೆ ಒಂದೂ ನಿಲ್ಲುವುದಿಲ್ಲ.

ಆಮೇಲೆ ಮೂರು ಗಿರಾಕಿಗಳ ಕಥೆ ಬರೆಯಿರಿ. ಅಂಗಡಿಯವರ ವಾಕ್ಯ ಹಾಗೇ ಇರಲಿ, ಒಂದು ಪದ ಮಾತ್ರ ಬದಲಾಗಲಿ. ಇಂಗ್ಲಿಷನ್ನೂ ಕನ್ನಡ ಅಕ್ಷರದಲ್ಲೇ ಬರೆಯಿರಿ. ಮಾದರಿಗೆ ಮಂಜಣ್ಣ ಎಂಬ ಬೇಕರಿಯವನನ್ನು ಕಲ್ಪಿಸಿಕೊಳ್ಳೋಣ.

ಬೆಳಿಗ್ಗೆ ಹನ್ನೊಂದು ಗಂಟೆ. ಏರ್ ಶೋ ಪಾಸು ಹಾಕಿಕೊಂಡ ಒಬ್ಬ ಮಹಿಳೆ ಮಂಜಣ್ಣನ ಬೇಕರಿಗೆ ಬಂದರು.
“ಹಲೋ. ವಾಟ್ ವುಡ್ ಯು ಲೈಕ್?” ಅಂದ ಮಂಜಣ್ಣ.
ಅವರು ಗಾಜಿನೊಳಗಿನ ಪಫ್ಸ್ ತೋರಿಸಿದರು. “ಈಸ್ ದಿಸ್ ಚಿಕನ್?”
“ನೋ. ದಿಸ್ ಹ್ಯಾಸ್ ನೋ ಚಿಕನ್. ದಿಸ್ ಹ್ಯಾಸ್ ವೆಜಿಟಬಲ್ಸ್.”
“ಓಕೆ, ಗುಡ್.”
“ಹೌ ಮೆನಿ?”
“ಟೂ, ಪ್ಲೀಸ್.”
“ಟೂ. ದಟ್ಸ್ ಫಿಫ್ಟಿ ರುಪೀಸ್.”
ಅವರು ಐನೂರರ ನೋಟು ಚಾಚಿದರು.
“ಸಾರಿ, ನೋ ಚೇಂಜ್. ಡು ಯು ಹ್ಯಾವ್ ಎ ಹಂಡ್ರೆಡ್?”
ಅವರು ಪರ್ಸ್ ತಡಕಿ ನೂರರ ನೋಟು ಕೊಟ್ಟರು.

ಅವರು ಹೋಗುತ್ತಲೇ ಒಬ್ಬ ಯುವಕ ಬಂದು ಪಟಪಟನೆ ಏನೋ ಕೇಳಿದ.
“ಸಾರಿ, ಪ್ಲೀಸ್ ಸೇ ಇಟ್ ಅಗೇನ್.”
“ನಟ್ಸ್. ಐ ಕಾಂಟ್ ಈಟ್ ನಟ್ಸ್,” ಅಂದ ಅವನು, ಕಾಂಗ್ರೆಸ್ ಕಡ್ಲೆ ಜಾಡಿ ತೋರಿಸುತ್ತ.
“ದಿಸ್ ಹ್ಯಾಸ್ ಪೀನಟ್ಸ್. ದಿಸ್ ಹ್ಯಾಸ್ ಚಿಲಿ.”
“ಅಂಡ್ ದಿಸ್?” ಈಗ ದಿಲ್‌ಪಸಂದ್ ಕಡೆ ಬೆರಳು.
ಮಂಜಣ್ಣ ಯೋಚಿಸಿದ. “ಐ ಆಮ್ ನಾಟ್ ಶೂರ್. ಪ್ಲೀಸ್ ಡೋಂಟ್ ಟೇಕ್ ಇಟ್.”
ಯುವಕ ನೀರಿನ ಬಾಟಲಿ ತೋರಿಸಿದ. “ಹೌ ಮೆನಿ?” “ಒನ್.” “ಒನ್. ದಟ್ಸ್ ಟ್ವೆಂಟಿ ರುಪೀಸ್.”
“ಪ್ಲಸ್ ಟ್ಯಾಕ್ಸ್?”
“ನೋ. ಟ್ಯಾಕ್ಸ್ ಈಸ್ ಇನ್‌ಕ್ಲೂಡೆಡ್.”

ಸಂಜೆ ಕಾಲೇಜು ಬ್ಯಾಗಿನ ಹುಡುಗಿಯೊಬ್ಬಳು ಬಂದಳು. ಅವಳ ಊರಲ್ಲಿ ಫ್ರೆಂಚ್ ಮಾತು, ಇಂಗ್ಲಿಷ್ ಅವಳಿಗೂ ಅಷ್ಟಕ್ಕಷ್ಟೇ.
“ಹಲೋ. ವಾಟ್ ವುಡ್ ಯು ಲೈಕ್?”
ಅವಳು ಕೇಕ್ ತೋರಿಸಿ “ಎಗ್?” ಅಂದಳು.
“ಯೆಸ್. ದಿಸ್ ಹ್ಯಾಸ್ ಎಗ್.” ಪಕ್ಕದ ತಟ್ಟೆ ತೋರಿಸಿ, “ದಿಸ್ ಹ್ಯಾಸ್ ನೋ ಎಗ್.”
ಅವಳು ಪಕ್ಕದ್ದನ್ನೇ ಆರಿಸಿದಳು.
“ಹೌ ಮೆನಿ?” “ತ್ರೀ.” “ತ್ರೀ. ದಟ್ಸ್ ಸಿಕ್ಸ್‌ಟಿ ರುಪೀಸ್. ಕ್ಯಾಶ್ ಆರ್ ಯುಪಿಐ?”
ಅವಳು ಫೋನ್ ತೆಗೆದು ಸ್ಕ್ಯಾನ್ ಮಾಡಿದಳು.

ಕಥೆ ಇಷ್ಟೇ. ‘ದಿಸ್ ಹ್ಯಾಸ್’ ಎಷ್ಟು ಸಲ ಬಂತು ನೋಡಿ: ತರಕಾರಿ, ಕಡಲೆ, ಮೆಣಸಿನಕಾಯಿ, ಮೊಟ್ಟೆ, ಎಲ್ಲವೂ ಅದೇ ಗೂಡಿನಲ್ಲಿ ಕೂತವು. ಗಿರಾಕಿ ಹೇಳಿದ ಸಂಖ್ಯೆಯನ್ನು ಮಂಜಣ್ಣ ಪ್ರತಿಸಲ ತಿರುಗಿ ಹೇಳುತ್ತಾನೆ: “ಟೂ”, “ಒನ್”, “ತ್ರೀ”. ಕೇಳಿಸಿದ್ದು ತಪ್ಪಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ, ಕಟ್ಟಿದ ಪೊಟ್ಟಣ ಬಿಚ್ಚುವ ಕೆಲಸ ತಪ್ಪುತ್ತದೆ.

ಮಧ್ಯದ ಗಿರಾಕಿಯನ್ನು ಯಾವ ಕಾರಣಕ್ಕೂ ಕೈಬಿಡಬೇಡಿ. ಕಡಲೆಕಾಯಿ, ಗೋಡಂಬಿ ಒಗ್ಗದವರಿಗೆ ಒಂದು ಚೂರೂ ಉಸಿರಿಗೆ ಕುತ್ತಾಗಬಹುದು. ‘ಇಲ್ಲ, ಇಲ್ಲ, ತಗೊಳ್ಳಿ’ ಎನ್ನುವ ನಮ್ಮ ವ್ಯಾಪಾರದ ಅಭ್ಯಾಸ ಇಲ್ಲಿ ಕೂಡದು. ಒಂದೇ ಚಮಚ, ಒಂದೇ ತಕ್ಕಡಿ ಎಲ್ಲಕ್ಕೂ ಬಳಸುವ ಅಂಗಡಿಯಲ್ಲಂತೂ ಬಿಡಿಯಾಗಿ ತೂಗುವ ಯಾವುದಕ್ಕೂ ‘ಐ ಆಮ್ ನಾಟ್ ಶೂರ್’ ಎಂಬುದೇ ಸರಿಯಾದ ಉತ್ತರ. ತೆರಿಗೆಯ ಪ್ರಶ್ನೆಯೂ ಬರುವಂಥದ್ದೇ. ಕೆಲವು ದೇಶಗಳಲ್ಲಿ ಬಿಲ್ ಹಾಕುವಾಗ ತೆರಿಗೆ ಸೇರಿಸುತ್ತಾರೆ. ನಮ್ಮ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ, ಬಾಟಲಿಯ ಮೇಲಿನ ಅಂಕಿ ತೋರಿಸಿದರೆ ಮಾತು ಮುಗಿಯಿತು.

ಇನ್ನು ಚಿಕನ್. 2025ರ ಏರೋ ಇಂಡಿಯಾ ಹೊತ್ತಿನಲ್ಲಿ ವಾಯುನೆಲೆಯ ಸುತ್ತಮುತ್ತ ಮಾಂಸ ಮಾರಾಟವನ್ನು ಬಿಬಿಎಂಪಿ ನಿಷೇಧಿಸಿತ್ತು. ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಮುತ್ತಿ ವಿಮಾನಕ್ಕೆ ಅಡ್ಡ ಬರಬಾರದೆಂದು ಈ ಕ್ರಮ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. “ಸಾರಿ, ನೋ ಚಿಕನ್ ದಿಸ್ ವೀಕ್” ಎಂಬ ಒಂದು ವಾಕ್ಯವನ್ನು ಅಂಥ ನಿಷೇಧವಿರುವ ವಾರಕ್ಕೆಂದು ಕಥೆಗೆ ಸೇರಿಸಿಕೊಳ್ಳಿ.

ಓದಿಸುವ ಕ್ರಮಕ್ಕೆ ಬರೋಣ. ಮೊದಲ ದಿನ ನೀವೇ ಗಟ್ಟಿಯಾಗಿ ಓದಿ, ಅಪ್ಪ ಹಿಂದೆಯೇ ಹೇಳಲಿ. ಎರಡನೇ ದಿನ ನೀವು ಗಿರಾಕಿ, ಅಪ್ಪ ಮಂಜಣ್ಣ; ಹಾಳೆ ಅವರ ಕೈಯಲ್ಲಿರಲಿ. ಮೂರನೇ ದಿನ ಹಾಳೆ ಕಿತ್ತುಕೊಂಡು ಕೌಂಟರಿನಲ್ಲೇ ನಿಲ್ಲಿಸಿ. ಅಪ್ಪ ನಿಜವಾದ ತಿಂಡಿ ಕೈಯಲ್ಲಿ ಹಿಡಿದೇ ಮಾತಾಡಲಿ. ಆಮೇಲೆ ಕಥೆಯಲ್ಲಿಲ್ಲದ್ದನ್ನು ತೋರಿಸಿ ಕೇಳಿ. ಖಾರ ಬನ್ ಕಡೆ ಬೆರಳು ಮಾಡಿ “ವಾಟ್ ಈಸ್ ದಿಸ್?” ಅಂದಾಗ “ದಿಸ್ ಹ್ಯಾಸ್ ಆನಿಯನ್, ದಿಸ್ ಹ್ಯಾಸ್ ಚಿಲಿ” ಎಂದು ತಾವಾಗಿ ಹೇಳಿದರೆ ಕಲಿತರೆಂದು ಲೆಕ್ಕ. ಕಥೆಯ ಸಾಲನ್ನೇ ಒಪ್ಪಿಸಿ, ಹೊಸ ತಿಂಡಿಗೆ ಬಾಯಿ ಕಟ್ಟಿದರೆ ಉರು ಹೊಡೆದಿದ್ದಾರೆ ಅಷ್ಟೇ. ಇನ್ನಷ್ಟು ತಿಂಡಿ ತೋರಿಸಿ ಅದೇ ವಾಕ್ಯ ಹೇಳಿಸಿ.

ಎಡವುವುದು ಎರಡು ಕಡೆ. ಒಂದು, ಫಿಫ್ಟೀನ್ ಮತ್ತು ಫಿಫ್ಟಿ. ಪಫ್ಸಿಗೆ ಐವತ್ತು ಎಂದದ್ದು ಹದಿನೈದು ಎಂದು ಕೇಳಿಸಿ, ಗಿರಾಕಿ ಇಪ್ಪತ್ತರ ನೋಟು ಕೊಟ್ಟು ಚಿಲ್ಲರೆಗೆ ಕಾಯುತ್ತಾನೆ. ಫಿಫ್ಟೀನ್ ಅನ್ನುವಾಗ ಕೊನೆಯನ್ನು ಎಳೆಯಬೇಕು, ಫಿಫ್ಟಿ ಅನ್ನುವಾಗ ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ಕೊನೆಯನ್ನು ಮೊಟಕುಗೊಳಿಸಬೇಕು. ಅದೂ ಆಗದಿದ್ದರೆ “ಫೈವ್ ಝೀರೋ” ಎಂದು ಹೇಳಿ ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದರಾಯಿತು, ಇದರಲ್ಲಿ ನಾಚಿಕೆ ಏನಿಲ್ಲ. ಇನ್ನೊಂದು, ತಲೆ ಆಡಿಸುವುದು. ನಾವು ಹೌದೆನ್ನಲು ತಲೆಯನ್ನು ಆಚೀಚೆ ಓಲಾಡಿಸುತ್ತೇವೆ. ಹೊಸಬರಿಗೆ ಅದು ಬೇಡವೆಂಬಂತೆ ಕಾಣುತ್ತದೆ. “ಯೆಸ್” ಎಂದು ಬಾಯಲ್ಲೇ ಹೇಳಿಸಿ.

ದುಡ್ಡಿನ ಮಾತು ಕೊನೆಗೆ. ಕ್ಯೂಆರ್ ಕೋಡ್ ಅಂಟಿಸಿದ್ದೇವೆ, ಸಾಕಲ್ಲ ಎನ್ನಬೇಡಿ. ವಿದೇಶಿ ಪ್ರವಾಸಿಗರಿಗೂ ಯುಪಿಐ ಕೊಡುವ ಏರ್ಪಾಡು ಜಿ20 ಸಮಯದಲ್ಲಿ, 2023ರಲ್ಲಿ, ಬೆಂಗಳೂರು ಸೇರಿ ಕೆಲವು ವಿಮಾನ ನಿಲ್ದಾಣಗಳಿಂದ ಶುರುವಾಯಿತು. ಆದರೂ ನಾಲ್ಕು ದಿನಕ್ಕೆಂದು ಬಂದವರಲ್ಲಿ ಎಲ್ಲರೂ ಅದನ್ನು ಮಾಡಿಸಿಕೊಂಡಿರುವುದಿಲ್ಲ. ಕಾರ್ಡ್ ಯಂತ್ರ ಇಲ್ಲದ ಅಂಗಡಿಯಾದರೆ “ಸಾರಿ, ನೋ ಕಾರ್ಡ್” ಎಂಬುದನ್ನು ಪೊಟ್ಟಣ ಕಟ್ಟುವ ಮೊದಲೇ ಹೇಳಬೇಕು. ಗಲ್ಲಾದಲ್ಲಿ ನೂರು, ಐವತ್ತರ ನೋಟುಗಳನ್ನು ಬೆಳಿಗ್ಗೆಯೇ ತುಂಬಿಸಿಟ್ಟುಕೊಂಡರೆ ‘ನೋ ಚೇಂಜ್’ ಎನ್ನುವ ಪ್ರಸಂಗವೂ ಕಡಿಮೆಯಾಗುತ್ತದೆ.