ಸೈಟ್ ಎಂಜಿನಿಯರ್ ರೆಸ್ಯೂಮೆ: ಲೆಕ್ಕ ತಾಳೆಯಾಗಲಿ

‘ಸೈಟ್ ಕೆಲಸ ನೋಡಿಕೊಂಡಿದ್ದೇನೆ’ ಎಂಬ ಸಾಲು ಎಲ್ಲರ ರೆಸ್ಯೂಮೆಯಲ್ಲೂ ಇರುತ್ತದೆ. ಪ್ರಾಜೆಕ್ಟ್ ಮ್ಯಾನೇಜರ್ ಹುಡುಕುವುದು ಅಂಕಿಗಳನ್ನು. ಸಿಕ್ಕ ಕೂಡಲೇ ಒಂದನ್ನು ಇನ್ನೊಂದರಿಂದ ಭಾಗಿಸಿ ನೋಡುತ್ತಾರೆ. ಕೆ.ಆರ್. ಪುರಂನಲ್ಲಿ ಸ್ಟಿಲ್ಟ್ ಮೇಲೆ ನಾಲ್ಕು ಮಹಡಿಯ ಅಪಾರ್ಟ್‌ಮೆಂಟ್ ಒಂದನ್ನು 14 ತಿಂಗಳು ಕಟ್ಟಿಸಿದ್ದೀರಿ ಎಂದಿಟ್ಟುಕೊಳ್ಳಿ.

1. ಮೌಲ್ಯ ಎಂದರೆ ಗುತ್ತಿಗೆ ಮೊತ್ತ. ಗುತ್ತಿಗೆ 9 ಕೋಟಿ, ನಿರ್ಮಾಣ ವಿಸ್ತೀರ್ಣ 42,000 ಚದರಡಿ ಆದರೆ ಚದರಡಿಗೆ ಸುಮಾರು 2,140 ರೂಪಾಯಿ ಬೀಳುತ್ತದೆ, ನಂಬಬಹುದು. ಫ್ಲ್ಯಾಟುಗಳ ಮಾರಾಟ ಬೆಲೆ ಸೇರಿಸಿ 27 ಕೋಟಿ ಎಂದು ಬರೆದರೆ 6,400 ದಾಟುತ್ತದೆ. ಜಾಗದ ಬೆಲೆಯೂ ಬಿಲ್ಡರ್ ಲಾಭವೂ ಒಳಗೆ ಸೇರಿವೆ ಎಂದು ಅಲ್ಲೇ ಗೊತ್ತಾಗುತ್ತದೆ. ನೀವು ಬಿಲ್ ಮಾಡಿಸಿದ್ದು ಆರ್‌ಸಿಸಿ ಕೆಲಸ ಮಾತ್ರವಾದರೆ ಆ ಮೊತ್ತವನ್ನು ಬೇರೆಯಾಗಿ ಬರೆಯಿರಿ.

2. ವಿಸ್ತೀರ್ಣವನ್ನು ನಕ್ಷೆಯಿಂದ ತೆಗೆದುಕೊಳ್ಳಿ, ಬ್ರೋಶರ್‌ನ ಸೂಪರ್ ಬಿಲ್ಟಪ್ ಬೇಡ. ಸ್ಟಿಲ್ಟ್ ಸೇರಿದೆಯೋ ಇಲ್ಲವೋ ಎಂಬುದನ್ನು ತಿಳಿಸಿ.

3. ಆಳುಗಳ ಸಂಖ್ಯೆ ಎರಡು ಬಗೆ. ಸ್ಲ್ಯಾಬ್ ಹಾಕುವ ದಿನ 90 ಜನ ಇರಬಹುದು, ತಿಂಗಳ ಸರಾಸರಿ 55 ಇರಬಹುದು. ಎರಡನ್ನೂ ಹಾಜರಿ ಪುಸ್ತಕದಿಂದ ತೆಗೆದು ಬರೆಯಿರಿ. ಸೆಂಟ್ರಿಂಗ್, ಕಂಬಿ, ಗಾರೆ ಮೇಸ್ತ್ರಿಗಳಲ್ಲಿ ಯಾರ ತಂಡ ನಿಮ್ಮ ಕೈಕೆಳಗಿತ್ತು ಎಂಬುದೂ ಬರಲಿ.

4. ‘ಶೂನ್ಯ ಅಪಘಾತ’ ಒಂದನ್ನೇ ಬರೆದರೆ ಏನೂ ತಿಳಿಯುವುದಿಲ್ಲ. ಎಷ್ಟು ಗಂಟೆ ಕೆಲಸದಲ್ಲಿ ಶೂನ್ಯ ಎಂಬುದು ಬೇಕು. 55 ಜನ, ದಿನಕ್ಕೆ 8 ಗಂಟೆ, ತಿಂಗಳಿಗೆ 26 ದಿನ, 14 ತಿಂಗಳು: ಗುಣಿಸಿದರೆ ಸುಮಾರು 1.6 ಲಕ್ಷ ಮಾನವ ಗಂಟೆ. ಇಷ್ಟರಲ್ಲಿ ಒಬ್ಬರು ಗಾಯಗೊಂಡು ಕೆಲಸ ತಪ್ಪಿಸಿದ್ದರೆ, ನಮ್ಮಲ್ಲಿ ಬಳಸುವ ಹತ್ತು ಲಕ್ಷ ಗಂಟೆಯ ಲೆಕ್ಕದಲ್ಲಿ ದರ 6.2. ಅಮೆರಿಕದ ಕಂಪನಿಗಳು ಎರಡು ಲಕ್ಷ ಗಂಟೆಗೆ ಲೆಕ್ಕ ಹಾಕುತ್ತವೆ, ಅಲ್ಲಿ ಅದೇ ಗಾಯ 1.25 ಆಗುತ್ತದೆ. ಆದ್ದರಿಂದ ಯಾವ ಲೆಕ್ಕ ಎಂದು ಹೇಳದೆ ದರ ಬರೆಯಬೇಡಿ. ಆ ಗಾಯವನ್ನು ಮುಚ್ಚಿಡಲೂ ಬೇಡಿ. ಸ್ಕ್ಯಾಫೋಲ್ಡಿಂಗ್‌ನಿಂದ ಬಿದ್ದಿದ್ದರೆ, ಆಮೇಲೆ ಅಡ್ಡ ರೇಲಿಂಗ್ ಕಟ್ಟಿಸಿ ದಿನಾ ಬೆಳಿಗ್ಗೆ ತಪಾಸಣೆ ಶುರು ಮಾಡಿದ್ದನ್ನು ಬರೆಯಿರಿ. ಸಣ್ಣಪುಟ್ಟ ಪ್ರಥಮ ಚಿಕಿತ್ಸೆಯೂ ದಾಖಲಾಗದ ಸೈಟಿನ ಶೂನ್ಯವನ್ನು ಅನುಭವಿಗಳು ನಂಬುವುದಿಲ್ಲ. ಬರೆಯುವವರೇ ಇರಲಿಲ್ಲ ಎಂದುಕೊಳ್ಳುತ್ತಾರೆ.

5. ಮೆಟ್ರೊ ಸುರಂಗಕ್ಕೆ ಚದರಡಿ ಹೊಂದದು. ಕಂಟೋನ್ಮೆಂಟ್‌ನಿಂದ ಹೊರಟ ‘ಊರ್ಜಾ’ ಯಂತ್ರ 2021ರ ಸೆಪ್ಟೆಂಬರ್‌ನಲ್ಲಿ ಶಿವಾಜಿನಗರದಲ್ಲಿ ಹೊರಬಂತು. ಅಂಥ ಕಡೆ ದುಡಿದವರು ಇಡೀ ಮಾರ್ಗದ ಕೋಟಿಗಳನ್ನು ತಮ್ಮ ಹೆಸರಿಗೆ ಹಾಕಿಕೊಳ್ಳದೆ ತಮ್ಮ ಪಾಳಿಯ ಮೀಟರ್, ಕೂರಿಸಿದ ಸೆಗ್ಮೆಂಟ್ ರಿಂಗ್, ಸುರಿಸಿದ ಕಾಂಕ್ರೀಟಿನ ಘನಮೀಟರ್ ಬರೆಯಲಿ.

6. ಅಪಾರ್ಟ್‌ಮೆಂಟ್ ಕೆಲಸ ಕೊನೆಗೆ ಹೀಗೆ ನಿಲ್ಲುತ್ತದೆ: ‘ಕೆ.ಆರ್. ಪುರಂ, ಸ್ಟಿಲ್ಟ್ + 4, ಸ್ಟಿಲ್ಟ್ ಸೇರಿ 42,000 ಚದರಡಿ, ಗುತ್ತಿಗೆ 9 ಕೋಟಿ, ಸರಾಸರಿ 55, ಗರಿಷ್ಠ 90 ಕಾರ್ಮಿಕರು, 1.6 ಲಕ್ಷ ಮಾನವ ಗಂಟೆಯಲ್ಲಿ ಕೆಲಸ ತಪ್ಪಿಸಿದ ಗಾಯ ಒಂದು.’